ಪಿನ್‌ಕೋಡ್ ನೋಡಿ ದೇಶ ಗುರುತಿಸಿದ್ದು: ನನ್ನ ಅನುಭವ

ವಿಳಾಸಗಳ ಪಟ್ಟಿಯಲ್ಲಿ ದೇಶದ ಕಾಲಂ ಖಾಲಿಯಿತ್ತು, ಅಂಚೆ ಕೋಡ್ ಮಾತ್ರ ಇತ್ತು. ಅಕ್ಷರ, ಅಂಕಿ ಒಟ್ಟು ಎಷ್ಟೆಂದು ಎಣಿಸಿದರೆ ಕೆನಡಾ, ಬ್ರಿಟನ್, ನೆದರ್‌ಲ್ಯಾಂಡ್ಸ್ ಎಲ್ಲ ಕಲಸಿಹೋದವು. ಮೊದಲ ಅಕ್ಷರ ನೋಡಿದರೂ ಕೆನಡಾ, ಬ್ರಿಟನ್ ಬೇರೆಯಾಗಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಅಚ್ಚು. ಪ್ರತಿ ಅಕ್ಷರವನ್ನು `A`, ಪ್ರತಿ ಅಂಕಿಯನ್ನು `9` ಮಾಡಿದೆ. ಖಾಲಿ ಜಾಗ ಹಾಗೇ ಬಿಟ್ಟೆ. ಅದನ್ನು ಸುಮ್ನೆ ಅಳಿಸಬೇಡಿ, ಅದೂ ಸುಳಿವು.

```
K1A 0B1 → A9A 9A9  ಕೆನಡಾ
W1A 0AX → A9A 9AA  ಬ್ರಿಟನ್
1012 AB → 9999 AA  ನೆದರ್‌ಲ್ಯಾಂಡ್ಸ್
```

ಮೊದಲೆರಡರ ಮೊದಲ ಭಾಗ ಒಂದೇ. ಹಾಗಾಗಿ ಕೊನೆಯ ಮೂರನ್ನು ಮೊದಲು ನೋಡಬೇಕು: `9A9` ಬಂದರೆ ಕೆನಡಾ, `9AA` ಬಂದರೆ ಬ್ರಿಟನ್. ಬ್ರಿಟನ್ನಿನ ಮೊದಲ ಭಾಗ ಅಕ್ಷರ, ಅಂಕಿ ಸೇರಿ ಎರಡರಿಂದ ನಾಲ್ಕರವರೆಗೆ ಬದಲಾಗುತ್ತದೆ, ಬಾಲ ಮಾತ್ರ ಬದಲಾಗುವುದಿಲ್ಲ.

ಬರೀ ಐದು ಅಂಕಿಯಿದ್ದರೆ ಊಹೆ ಬೇಡ. `75001` ಪ್ಯಾರಿಸ್‌ನಲ್ಲೂ ಇದೆ, ಅಮೆರಿಕದ ಟೆಕ್ಸಾಸ್‌ನಲ್ಲೂ ಇದೆ. ಅಂಥವನ್ನು ಬೇರೆ ತೆಗೆದಿಟ್ಟು ಊರಿನ ಹೆಸರಿನಿಂದ ಹುಡುಕಿದೆ.