ನಿಮ್ಮ ಪಿಪಿಟಿಯನ್ನು ಕಿವಿಯಿಂದ ಓದುವವರಿಗೂ ಹೊಂದಿಸುವುದು ಹೇಗೆ?

ಶಿವಮೊಗ್ಗದ ಕಾಲೇಜೊಂದರಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಮಲೆನಾಡಿನ ಮಳೆಯ ಬಗ್ಗೆ 24 ಸ್ಲೈಡಿನ ಒಂದು ಪಿಪಿಟಿ ಇದೆ, ಪ್ರತಿ ವರ್ಷ ಅದನ್ನೇ ತೋರಿಸುತ್ತಿದ್ದೆ. ಈ ಸಲ ತರಗತಿಗೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಸೇರಿದಳು. ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ NVDA ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೇ ಓದುತ್ತಾಳೆ. ನನ್ನ ಪಿಪಿಟಿ ಕೊಟ್ಟ ಮರುದಿನ ಬಂದು, "ಸರ್, ಇದು ಪಿ, ಪೌಂಡ್ ಅಂತ ಏನೇನೋ ಹೇಳುತ್ತೆ. ಕನ್ನಡ ಒಂದಕ್ಷರನೂ ಇಲ್ಲ" ಅಂದಳು.

ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕಡತದೊಳಗೆ ಇದ್ದದ್ದೇ ಬೇರೆ.

ಮೊದಲು ಅಕ್ಷರ ನೋಡಿ

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ "ಕನ್ನಡ" ಎಂಬ ಪದ ಕಂಪ್ಯೂಟರಿನ ಲೆಕ್ಕದಲ್ಲಿ ಹೀಗಿರುತ್ತದೆ:

```
PÀ£ÀßqÀ
```

ಈ ಇಂಗ್ಲಿಷ್ ಚಿಹ್ನೆಗಳಿಗೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಕಣ್ಣಿಗೆ ವೇಷ ಕಾಣುತ್ತದೆ, ಸ್ಕ್ರೀನ್ ರೀಡರ್ ಒಳಗಿನ ಚಿಹ್ನೆಗಳನ್ನೇ ಓದುತ್ತದೆ. ಹಾಗಾಗಿ ಕನ್ನಡದ ಪಿಪಿಟಿಯಲ್ಲಿ ಉಳಿದ ಯಾವ ಕೆಲಸಕ್ಕೂ ಮೊದಲು ಇದನ್ನು ಸರಿಮಾಡಬೇಕು.

ಪರೀಕ್ಷೆ ಸುಲಭ. ಸ್ಲೈಡಿನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್. ಮೇಲಿನಂತೆ ಬಂದರೆ ಬದಲಾಯಿಸಬೇಕು. ನುಡಿ, ಬರಹ ತಂತ್ರಾಂಶಗಳಲ್ಲೇ ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯ ಇದೆ. ಒಂದೊಂದೇ ಚೌಕದ ಪಠ್ಯವನ್ನು ಅದರಲ್ಲಿ ಹಾಕಿ, ಬಂದದ್ದನ್ನು ವಾಪಸ್ ಅಂಟಿಸಿ, ಫಾಂಟನ್ನು Nirmala UI ಅಥವಾ Noto Sans Kannada ಮಾಡಿ. ಎರಡು ಕಡೆ ಎಚ್ಚರ ಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕೆಡಿಸುತ್ತದೆ, ಅವನ್ನು ಮತ್ತೆ ಕೈಯಲ್ಲೇ ಬರೆಯಬೇಕು. ಇನ್ನು "ತೀರ್ಥಹಳ್ಳಿ", "ವರ್ಷ" ಥರದ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ಓದಿ ನೋಡಿ, ತಪ್ಪು ಉಳಿಯುವುದು ಜಾಸ್ತಿ ಅಲ್ಲಿಯೇ.

ಕನ್ನಡ ಅಕ್ಷರದ ಕೆಳಗೆ ಒತ್ತು ಇರುವುದರಿಂದ ಸಾಲುಗಳು ಒತ್ತೊತ್ತಾಗಿದ್ದರೆ ಮಂದದೃಷ್ಟಿಯವರಿಗೆ ಕಲಸಿಕೊಂಡಂತೆ ಕಾಣುತ್ತದೆ. ನಾನು ಅಕ್ಷರವನ್ನು 28ಕ್ಕಿಂತ ಚಿಕ್ಕದು ಮಾಡುವುದಿಲ್ಲ, ಸಾಲಿನ ಅಂತರ 1.3 ಇಡುತ್ತೇನೆ. ಓರೆ ಅಕ್ಷರ ಬಳಸುವುದಿಲ್ಲ. ಜಾಗ ಸಾಲದಿದ್ದರೆ ಸ್ಲೈಡನ್ನೇ ಎರಡು ಮಾಡುತ್ತೇನೆ.

ಚಿತ್ರಕ್ಕೆ ಮಾತು ಕೊಡಿ

ಏಳನೇ ಸ್ಲೈಡಿನಲ್ಲಿ ಘಟ್ಟದ ಮಳೆಯ ಚಿತ್ರವಿದೆ. ಬೆಟ್ಟ, ಮೋಡ, ಬಾಣಗಳನ್ನೆಲ್ಲ ನಾನೇ ಬಿಡಿಬಿಡಿಯಾಗಿ ಬರೆದದ್ದು. ಅವಳಿಗೆ ಕೇಳಿಸಿದ್ದು ಮಾತ್ರ `Arrow: Right 12`, `Arrow: Right 13`, `Picture 5`. ಹೀಗೆ ಹನ್ನೊಂದು ಸಲ.

ಮಾಡಬೇಕಾದ್ದು ಇಷ್ಟು. ಎಲ್ಲ ತುಂಡುಗಳನ್ನೂ ಆಯ್ದು `Ctrl+G` ಒತ್ತಿ ಒಂದೇ ಗುಂಪು ಮಾಡಿ. ಗುಂಪಿನ ಮೇಲೆ ರೈಟ್ ಕ್ಲಿಕ್ ಮಾಡಿ `Alt Text` ಇರುವ ಆಯ್ಕೆ ತೆಗೆಯಿರಿ. ಅಲ್ಲಿ ಬರೆದದ್ದನ್ನೇ ಸ್ಕ್ರೀನ್ ರೀಡರ್ ಹೇಳುತ್ತದೆ.

ನಾನು ಮೊದಲು ಬರೆದದ್ದು "ಆಗುಂಬೆ ಮಳೆಯ ಚಿತ್ರ" ಅಂತ. ಅದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ತರಗತಿಯಲ್ಲಿ ಆ ಚಿತ್ರ ತೋರಿಸಿ ನಾನು ಬಾಯಲ್ಲಿ ಏನು ಹೇಳುತ್ತೇನೋ ಅದನ್ನೇ ಬರೆಯಬೇಕಿತ್ತು. ಆಮೇಲೆ ಹೀಗೆ ಬದಲಾಯಿಸಿದೆ: "ಘಟ್ಟದ ಅಡ್ಡಸೀಳು ನೋಟ. ಎಡಕ್ಕೆ ಅರಬ್ಬಿ ಸಮುದ್ರ, ನಡುವೆ ಘಟ್ಟ, ಬಲಕ್ಕೆ ಬಯಲುಸೀಮೆ. ಸಮುದ್ರದ ತೇವದ ಗಾಳಿ ಘಟ್ಟದ ಎಡಮೈ ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತದೆ. ನೆತ್ತಿಯ ಹತ್ತಿರದ ಆಗುಂಬೆಯಲ್ಲಿ ಜೋರು ಮಳೆ. ಬಲಕ್ಕೆ ಇಳಿಯುವ ಗಾಳಿಯಲ್ಲಿ ತೇವ ಕಡಿಮೆ, ಮಳೆಯೂ ಕಡಿಮೆ."

ಇದನ್ನು ಕೇಳಿದ ಮೇಲೆ ಅವಳು ಕೇಳಿದ ಪ್ರಶ್ನೆ: "ಗಾಳಿ ಎಷ್ಟು ಎತ್ತರ ಹತ್ತುತ್ತೆ ಸರ್?" ನನ್ನ ಚಿತ್ರದಲ್ಲಿ ಎತ್ತರವೇ ಇರಲಿಲ್ಲ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ ಎಂದು ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್‌ಗೂ ಸೇರಿಸಿದೆ.

ಎಲ್ಲ ಚಿತ್ರಕ್ಕೂ ಇಷ್ಟು ಬರೆಯಬೇಕಾಗಿಲ್ಲ. ಮೊದಲ ಸ್ಲೈಡಿನಲ್ಲಿ ಆಗುಂಬೆಯ ಸೂರ್ಯಾಸ್ತದ ಫೋಟೊ ಇದೆ. ಮಳೆಯ ಪಾಠಕ್ಕೆ ಅದು ಸುಮ್ನೆ ಅಂದಕ್ಕೆ. ಅಂಥದ್ದಕ್ಕೆ `Mark as decorative` ಎಂದು ಗುರುತು ಹಾಕಿದರೆ ಸ್ಕ್ರೀನ್ ರೀಡರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಓದುವ ಸರದಿ

ಸ್ಲೈಡಿನಲ್ಲಿ ಮೇಲಿರುವುದು ಮೊದಲು ಓದಿಸಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ನೀವು ಮೊದಲು ಹಾಕಿದ್ದು ಸಾಮಾನ್ಯವಾಗಿ ಮೊದಲು ಬರುತ್ತದೆ. ನಾನು ಚಿತ್ರ ಬರೆದು, ಕೆಳಗಿನ ಟಿಪ್ಪಣಿ ಹಾಕಿ, ಕೊನೆಗೆ ನೆನಪಾಗಿ ಶೀರ್ಷಿಕೆ ಹಾಕಿದ್ದೆ. ಅವಳಿಗೆ ಮೊದಲು ಚಿತ್ರ, ಆಮೇಲೆ ಟಿಪ್ಪಣಿ, ಇದು ಯಾವುದರ ಬಗ್ಗೆ ಎಂಬುದು ಎಲ್ಲಕ್ಕಿಂತ ಕೊನೆಗೆ.

ಇದನ್ನು ಕಂಡುಹಿಡಿಯಲು ಸ್ಕ್ರೀನ್ ರೀಡರ್ ಬೇಕಿಲ್ಲ. ಸ್ಲೈಡಿನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ `Tab` ಒತ್ತುತ್ತಾ ಹೋಗಿ. ಚೌಕಟ್ಟು ಯಾವುದರಿಂದ ಯಾವುದಕ್ಕೆ ಹಾರುತ್ತದೋ ಅದೇ ಸರದಿ. ಬದಲಾಯಿಸಲು `Alt+F10` ಒತ್ತಿ. ಬಲಕ್ಕೆ `Selection` ಪಟ್ಟಿ ತೆರೆಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿ: ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದು ಒಂದರ ಮೇಲೊಂದು ಪೇರಿಸಿಟ್ಟ ಹಾಳೆಗಳ ಲೆಕ್ಕ, ತಳದ ಹಾಳೆ ಮೊದಲು. ಹಾಗಾಗಿ ಶೀರ್ಷಿಕೆಯನ್ನು ಎಳೆದು ಪಟ್ಟಿಯ ತಳಕ್ಕೆ ತನ್ನಿ. ಹೊಸ ಆವೃತ್ತಿಗಳಲ್ಲಿ `Reading Order` ಎಂಬ ಬೇರೆ ಪಟ್ಟಿಯೂ ಇದೆ. ಅದು ನೇರವಾಗಿ ಮೇಲಿನಿಂದ ಕೆಳಕ್ಕೆ. ಪೇರಿಕೆ ಬದಲಾದಾಗ ಒಂದರ ಮೇಲೊಂದು ಬಿದ್ದಿರುವ ಚಿತ್ರ ಪಠ್ಯವನ್ನು ಮುಚ್ಚಿಬಿಡಬಹುದು, ನೋಡಿಕೊಳ್ಳಿ.

ಶೀರ್ಷಿಕೆಯನ್ನು ಬಿಡಿ ಚೌಕದಲ್ಲಿ ಬರೆಯಬೇಡಿ. `Layout` ಕೊಡುವ ಶೀರ್ಷಿಕೆಯ ಜಾಗದಲ್ಲೇ ಬರೆಯಿರಿ. ಸ್ಲೈಡಿನಿಂದ ಸ್ಲೈಡಿಗೆ ಹಾರುವಾಗ ಅವರಿಗೆ ದಾರಿ ತೋರಿಸುವುದು ಅದೇ.

ಬಣ್ಣ

ನಮ್ಮ ಕೋಣೆಯಲ್ಲಿ ಕಿಟಕಿ ತೆರೆದರೆ ಪ್ರೊಜೆಕ್ಟರ್ ಮಂಕಾಗುತ್ತದೆ. ಬಿಳಿಯ ಮೇಲೆ ತಿಳಿಹಸಿರು ಅಕ್ಷರ ಹಾಕಿದರೆ ಕಣ್ಣು ಚೆನ್ನಾಗಿರುವವರಿಗೂ ಕಾಣದು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎನ್ನುವುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಬಿಳಿಯ ಮೇಲೆ `#767676` ಬೂದು ಬಣ್ಣ ಈ ಗಡಿಯನ್ನು ಕಷ್ಟಪಟ್ಟು ದಾಟುತ್ತದೆ. ಅದಕ್ಕಿಂತ ತೆಳುವಾದ ಬೂದು ಬೇಡ. ನನ್ನ ಮಳೆಯ ಗ್ರಾಫಿನಲ್ಲಿ ಆಗುಂಬೆಗೆ ಕೆಂಪು ಗೆರೆ, ಶಿವಮೊಗ್ಗಕ್ಕೆ ಹಸಿರು ಗೆರೆ ಇತ್ತು. ಈ ಎರಡರ ವ್ಯತ್ಯಾಸ ತಿಳಿಯದವರು ಪ್ರತಿ ತರಗತಿಯಲ್ಲೂ ಇರಬಹುದು. ಈಗ ಪ್ರತಿ ಗೆರೆಯ ತುದಿಯಲ್ಲೇ ಊರಿನ ಹೆಸರು ಬರೆದಿದ್ದೇನೆ.

ಕೊಡುವ ಮುನ್ನ

`Review` ಒಳಗಿನ `Check Accessibility` ಒತ್ತಿದರೆ ಬಿಟ್ಟುಹೋದ ಆಲ್ಟ್ ಟೆಕ್ಸ್ಟ್, ಶೀರ್ಷಿಕೆ ಇಲ್ಲದ ಸ್ಲೈಡುಗಳ ಪಟ್ಟಿ ಬರುತ್ತದೆ. ಆದರೆ ಆಲ್ಟ್ ಟೆಕ್ಸ್ಟ್‌ನಲ್ಲಿ "ಚಿತ್ರ" ಅಂತಷ್ಟೇ ಬರೆದಿದ್ದರೂ ಅದು ಒಪ್ಪಿಕೊಳ್ಳುತ್ತದೆ. ಹಳೆಯ ಫಾಂಟಿನ ಗೋಜಲೂ ಅದಕ್ಕೆ ಗೊತ್ತಾಗುವುದಿಲ್ಲ.

ಮಕ್ಕಳಿಗೆ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುವವರು ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಬೇಡಿ, ಹಾಗೆ ಮಾಡಿದರೆ ಬರೆದ ಆಲ್ಟ್ ಟೆಕ್ಸ್ಟ್ ಉಳಿಯುವುದಿಲ್ಲ. `Save As` ಮೂಲಕ ಹೋಗಿ, `Options` ಒಳಗೆ `Document structure tags for accessibility` ಗುರುತು ಇದೆಯೇ ನೋಡಿ ಉಳಿಸಿ. ಅದರ ಜೊತೆಗೆ ಮೂಲ ಪಿಪಿಟಿಯನ್ನೂ ಕಳಿಸಿ. ನನ್ನ ವಿದ್ಯಾರ್ಥಿನಿ ತೆರೆಯುವುದು ಅದನ್ನೇ, ಪಾಠಕ್ಕೆ ಒಂದು ದಿನ ಮೊದಲೇ ಕೈಗೆ ಸಿಕ್ಕರೆ.