ನಿಮ್ಮ ಅಂಗಡಿಯ ಹೆಸರಿನಲ್ಲೇ ತೊಗರಿ ಬೇಳೆ

ಸ್ವಂತ ಹೆಸರಿನ ಪ್ಯಾಕೆಟ್ ತರಲು ಹೊರಟವರು ಮೊದಲ ದಿನವೇ ಇಪ್ಪತ್ತು ಸಾಮಾನಿಗೆ ಚೀಟಿ ಅಚ್ಚು ಹಾಕಿಸುತ್ತಾರೆ. ಬೇಡ. ತೊಗರಿ ಬೇಳೆಯೊಂದರಿಂದಲೇ ಆರಂಭಿಸಿ. ಮೆಣಸಿನ ಪುಡಿಯ ಗೋಜಿಗೆ ಮೊದಲೇ ಹೋಗಬೇಡಿ, ಅದರ ಕಲಬೆರಕೆಯನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು.

1. ಮಿಲ್. ಎರಡು ದಾಲ್ ಮಿಲ್‌ಗಳನ್ನು ಗೊತ್ತು ಮಾಡಿಕೊಳ್ಳಿ. ಪ್ರತಿ ಚೀಲಕ್ಕೂ ಲಾಟ್ ಸಂಖ್ಯೆ ಬರೆದುಕೊಡಲು ಒಪ್ಪದ ಮಿಲ್ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಬೇಡಿ.

2. ತಪಾಸಣೆ. ಎಲ್ಲರೂ ಎಡವುವುದು ಇಲ್ಲೇ. ಮಿಲ್‌ನವರು ತೋರಿಸುವ ಹಿಡಿ ಬೇಳೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನೀವು ನೋಡಬೇಕಾದದ್ದು ಲಾರಿಯಿಂದ ಇಳಿದ ಚೀಲವನ್ನು. ಚುಚ್ಚಿ ತೆಗೆಯುವ ಕೊಳವೆಯಿಂದ ಚೀಲದ ಮೇಲೆ, ನಡುವೆ, ತಳದಲ್ಲಿ ಬೇಳೆ ತೆಗೆದು ಬೆರೆಸಿ, ನೂರು ಗ್ರಾಂ ಬೇಳೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ. ನುಚ್ಚು, ಹೊಟ್ಟು, ಹುಳು ಕೊರೆದದ್ದನ್ನು ಬೇರೆ ಮಾಡಿ ತೂಗಿ, ಪುಸ್ತಕದಲ್ಲಿ ಬರೆದಿಡಿ. ಅಂಚು ಇಳಿಜಾರಾಗಿ, ಚೌಕಾಕಾರದಲ್ಲಿ ಕಾಣುವ ಕಾಳು ಕೇಸರಿ ಬೇಳೆಯಾಗಿರಬಹುದು. ಅಂತಹದು ಕಂಡರೆ ಲಾಟ್ ಇಳಿಸಿಕೊಳ್ಳಬೇಡಿ. ಟಿಶ್ಯೂ ಕಾಗದದಲ್ಲಿ ಉಜ್ಜಿದಾಗ ಎಣ್ಣೆ ಅಂಟಿದರೆ ಪಾಲಿಶ್ ಮಾಡಿದ ಬೇಳೆ. ಅದನ್ನು ನಾನು ಮಾರುವುದಿಲ್ಲ, ನೀವೂ ಮಾರಬೇಡಿ.

ಆಮೇಲೆ ಬೇಯಿಸಿ ನೋಡಿ. ಹಿಂದಿನ ಲಾಟಿನಿಂದ ಎತ್ತಿಟ್ಟ ಬೇಳೆಯನ್ನೂ ಹೊಸದನ್ನೂ ಒಂದೇ ಕುಕ್ಕರ್‌ನ ಎರಡು ಡಬ್ಬಿಗಳಲ್ಲಿ, ಸಮ ನೀರು ಹಾಕಿ ಇಡಿ. ಒಂದು ಕರಗಿ ಇನ್ನೊಂದು ಕಾಳಾಗಿಯೇ ಉಳಿದರೆ ಗಿರಾಕಿಯ ದೂರು ಖಚಿತ. ಹೀಗಾಗಿ ಪ್ರತಿ ಲಾಟಿನ ಅರ್ಧ ಕಿಲೋ ಬೇಳೆ, ಅದರ ಪ್ಯಾಕೆಟ್‌ಗಳ ಅವಧಿ ಮುಗಿಯುವ ತನಕ ನಿಮ್ಮ ಕಪಾಟಿನಲ್ಲಿರಬೇಕು. ಮೆಟಾನಿಲ್ ಹಳದಿ ಬಣ್ಣ, ಕೀಟನಾಶಕದ ಅಂಶ ಮನೆಯಲ್ಲಿ ನಿಖರವಾಗಿ ತಿಳಿಯುವುದಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳುಹಿಸಿ.

3. ಬೆಲೆ. ಉದಾಹರಣೆಗೆ, ಅಂಗಡಿ ತಲುಪಿದ ಬೇಳೆ ಕಿಲೋಗೆ 120 ರೂಪಾಯಿ ಎನ್ನೋಣ. ಕಸ, ಸೋರಿಕೆ ಸೇರಿ 122.50. ಪೊಟ್ಟಣ, ಚೀಟಿ, ಕೂಲಿಗೆ ಐದು ರೂಪಾಯಿ ಸೇರಿದರೆ 127.50. ಪಕ್ಕದ ಬ್ರಾಂಡ್ 170 ಇದ್ದಾಗ ನೀವು 150 ಇಟ್ಟರೆ 22.50 ಲಾಭ ಎನಿಸುತ್ತದೆ. ಐವತ್ತು ಕಿಲೋ ಚೀಲಕ್ಕೆ ಜಿಎಸ್‌ಟಿ ಇರಲಿಲ್ಲ, ಚೀಟಿ ಅಂಟಿಸಿದ ಒಂದು ಕಿಲೋ ಪ್ಯಾಕೆಟ್‌ಗೆ ಶೇ 5 ಇದೆ. ತೆರಿಗೆ ಕಳೆದರೆ ಕೈಗೆ ಬರುವುದು ಸುಮಾರು 143, ಉಳಿಯುವುದು ಹದಿನೈದೂವರೆ ರೂಪಾಯಿ. ಪ್ರಯೋಗಾಲಯದ ಶುಲ್ಕವೂ ಅದರಲ್ಲೇ. 150ಕ್ಕಿಂತ ಕೆಳಗಿಳಿಸಿದರೆ ಲಾಭ ಕರಗುವುದಲ್ಲದೆ, ಗಿರಾಕಿಗೂ ಅನುಮಾನ ಬರುತ್ತದೆ.

4. ಚೀಟಿ. ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ಎಂಆರ್‌ಪಿ, ಪ್ರತಿ ಘಟಕದ ಬೆಲೆ, ವಿಳಾಸ, ದೂರಿಗೆ ಫೋನ್ ಸಂಖ್ಯೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ. ನಿಮ್ಮ ಪರವಾನಗಿಯಲ್ಲಿ ಮರು ಪ್ಯಾಕಿಂಗ್ ಕೆಲಸ ಸೇರಿದೆಯೇ ನೋಡಿಕೊಳ್ಳಿ. ತೂಗುವಾಗ ಪೊಟ್ಟಣದ ಭಾರ ಕಳೆಯಲು ಹುಡುಗರು ಮರೆಯುತ್ತಾರೆ. ತಕ್ಕಡಿಯ ಪಕ್ಕದಲ್ಲೇ ಬರೆದು ಅಂಟಿಸಿ.