ಬ್ಲಾಕ್ ಪ್ರಿಂಟ್ ಸಾಲು ಜಾರುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ಹತ್ತು ಅಚ್ಚು ಒತ್ತುವಷ್ಟರಲ್ಲಿ ಸಾಲು ಒಂದು ಸೆಂಟಿಮೀಟರ್ ಜಾರುತ್ತಿತ್ತು. ಮೊದಲ ಎರಡು ಮೂರು ಅಚ್ಚಿನಲ್ಲಿ ಗೊತ್ತೇ ಆಗುವುದಿಲ್ಲ.

ಗಂಜಿ ಹೋಗುವಂತೆ ಬಟ್ಟೆ ತೊಳೆದೆ, ಮೇಜಿಗೆ ಬಿಗಿಯಾಗಿ ಪಿನ್ ಮಾಡಿದೆ, ಜೋರಾಗಿ ಒತ್ತಿ ನೋಡಿದೆ. ಸಾಲು ಜಾರುವುದು ನಿಲ್ಲಲಿಲ್ಲ. ಜೋರಾಗಿ ಒತ್ತಿದ್ದಕ್ಕೆ ಗೆರೆಗಳ ಅಂಚಿನಲ್ಲಿ ಬಣ್ಣ ಹರಡಿತು, ಅಷ್ಟೇ.

ತಪ್ಪು ಇದ್ದದ್ದು ಅಳತೆಯಲ್ಲಿ. ನಾನು ಅಚ್ಚಿನ ಮರದ ಅಂಚನ್ನು ನಂಬಿ 15 ಸೆಂಟಿಮೀಟರಿಗೆ ಗುರುತು ಹಾಕುತ್ತಿದ್ದೆ. ಅಚ್ಚನ್ನು ಕಾಗದದ ಮೇಲೆ ಎರಡು ಸಲ ಒತ್ತಿ, ವಿನ್ಯಾಸ ಸರಿಯಾಗಿ ಕೂಡುವವರೆಗೆ ಸರಿಸಿದೆ. ಒಂದು ಹೂವಿನ ನಡುಚುಕ್ಕೆಯಿಂದ ಮುಂದಿನದರ ನಡುಚುಕ್ಕೆಗೆ ಅಳೆದರೆ 14.9! ಪ್ರತಿ ಸಲ ಒಂದು ಮಿಲಿಮೀಟರ್ ಸೇರಿ ಸೇರಿ ಜಾಸ್ತಿಯಾಗುತ್ತಿತ್ತು.

ಈಗ ಬಟ್ಟೆಯ ನೂಲಿನ ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಪ್ರತಿ 74.5 ಸೆಂಟಿಮೀಟರಿಗೆ, ಅಂದರೆ ಐದು ಅಚ್ಚಿಗೊಮ್ಮೆ, ಅಡ್ಡಗೆರೆ ಹಾಕುತ್ತೇನೆ. ನಡುವಿನ ಅಚ್ಚುಗಳಿಗೆ ಮೂಲೆಯ ಚುಕ್ಕೆಯನ್ನು ಹಿಂದಿನ ಅಚ್ಚಿನ ಚುಕ್ಕೆಯ ಮೇಲೆ ಕೂರಿಸುತ್ತೇನೆ. ಸಣ್ಣ ತಪ್ಪಾದರೂ ಮುಂದಿನ ಅಡ್ಡಗೆರೆಯಲ್ಲಿ ಸರಿಹೋಗುತ್ತದೆ.

ನನ್ನದು ಬೈಂಡರ್ ಬೆರೆಸಿದ ಪಿಗ್ಮೆಂಟ್ ಬಣ್ಣ. ಅದು ಬಟ್ಟೆಗೆ ಗಟ್ಟಿಯಾಗಿ ಹಿಡಿಯಲು ಒಂದು ದಿನ ಒಣಗಿಸಿ, ಹಿಂಬದಿಯಿಂದ ಹತ್ತಿ ಬಟ್ಟೆಗೆ ಇಡುವ ಬಿಸಿಯಲ್ಲಿ, ಹಬೆಯಿಲ್ಲದೆ, ಒಂದೊಂದು ಜಾಗಕ್ಕೂ ಮೂರು ನಿಮಿಷ ಇಸ್ತ್ರಿ ಮಾಡುತ್ತೇನೆ. ಪೆಟ್ಟಿಗೆಯನ್ನು ಸರಿಸುತ್ತಲೇ ಇರಬೇಕು, ಇಲ್ಲದಿದ್ದರೆ ಬಟ್ಟೆ ಕಂದುತ್ತದೆ. ಮೊದಲು ಹೀಗೆ ಇಸ್ತ್ರಿ ಮಾಡಿದ ಒಂದು ತುಂಡನ್ನು ತೊಳೆದು ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಅಂಟಿದರೆ ಇಸ್ತ್ರಿ ಸಾಲದು.